ಆವೃತ್ತಿ ಪಟ್ಟಿಯ ಲೆಕ್ಕ: ಬಂದ ಉತ್ತರವನ್ನು ತಾಳೆ ನೋಡುವುದು ಹೇಗೆ?

ಹತ್ತನೇ ತರಗತಿ ಮತ್ತು ಪಿಯುಸಿ ಮಕ್ಕಳು, ಜೊತೆಗೆ ಕೆಲವು ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಬೋರ್ಡಿನ ಮೇಲೆ ಮಾಡಿದ ಲೆಕ್ಕ ಹಾಗೇ ಇದೆ.

ನಮಸ್ಕಾರ. ನೇರವಾಗಿ ಲೆಕ್ಕಕ್ಕೇ ಬರೋಣ. ಒಂದು ತರಗತಿಯಲ್ಲಿ 40 ಮಕ್ಕಳು, 50 ಅಂಕದ ಕಿರುಪರೀಕ್ಷೆ. ಹೋಂವರ್ಕಿನಲ್ಲಿ ಬರುವಂಥದ್ದೇ ಪಟ್ಟಿ:

| ಅಂಕಗಳು | ಮಕ್ಕಳ ಸಂಖ್ಯೆ (f) | ಮಧ್ಯಬಿಂದು (x) |
|---|---|---|
| 0–10 | 3 | 5 |
| 10–20 | 7 | 15 |
| 20–30 | 14 | 25 |
| 30–40 | 11 | 35 |
| 40–50 | 5 | 45 |

ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ, ಮೂರನ್ನೂ ಕಂಡುಹಿಡಿಯಬೇಕು. ಹೇಗೆ ಕಂಡುಹಿಡಿಯುವುದು ಅಂತ ನಿಮ್ಮ ಪುಸ್ತಕದಲ್ಲೇ ಇದೆ, ಶಾಲೆಯಲ್ಲೂ ಹೇಳಿಕೊಟ್ಟಿರುತ್ತಾರೆ. ನಾನು ಹೇಳಹೊರಟಿರುವುದು ಅದರ ಮುಂದಿನ ಮಾತು. ಉತ್ತರ ಬಂತು, ಸರಿ ಇದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ಇಲ್ಲ ಅಂತಲೇ ಇಟ್ಟುಕೊಳ್ಳಿ.

"ಚೆಕ್ ಮಾಡಿದ್ಯಾ?" ಅಂತ ಕೇಳಿದರೆ ಹೆಚ್ಚಿನ ಮಕ್ಕಳು ಹೇಳುವುದು, "ಇನ್ನೊಂದ್ಸಲ ಮಾಡಿದೆ ಸರ್, ಅದೇ ಬಂತು" ಅಂತ. ಅದೇ ಬರುತ್ತದೆ, ಬರದೆ ಏನು ಮಾಡುತ್ತದೆ! ಸೂತ್ರವನ್ನೇ ತಪ್ಪಾಗಿ ನೆನಪಿಟ್ಟುಕೊಂಡವರು ಎಷ್ಟು ಸಲ ಮಾಡಿದರೂ ಅದೇ ತಪ್ಪು ಉತ್ತರ ಬರುತ್ತದೆ, ಅದೂ ತುಂಬಾ ನಂಬಿಕೆ ಹುಟ್ಟಿಸುವ ಹಾಗೆ. ತಾಳೆ ನೋಡುವುದು ಅಂದರೆ ಲೆಕ್ಕವನ್ನು ಬೇರೆ ಜಾಗದಿಂದ ಶುರುಮಾಡಿ ಅದೇ ಉತ್ತರಕ್ಕೆ ಬರುತ್ತೀವಾ ಅಂತ ನೋಡುವುದು. ಇವತ್ತಿನ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಮೊದಲು ಪಟ್ಟಿಯನ್ನೇ ನೋಡಿ. f ಕಾಲಮ್ ಕೂಡಿದರೆ 3+7+14+11+5 = 40. ಪ್ರಶ್ನೆಯಲ್ಲೂ 40 ಅಂತಿದೆ, ಸರಿ. ಆದರೆ ಇದು ಅರ್ಧ ಭರವಸೆ ಅಷ್ಟೇ. ಪ್ರಶ್ನೆಯಲ್ಲಿ ಬಿಡಿ ಅಂಕಗಳನ್ನು ಕೊಟ್ಟು ಪಟ್ಟಿಯನ್ನು ನೀವೇ ಮಾಡಿದ್ದರೆ, 30 ಅಂಕ ಪಡೆದ ಇಬ್ಬರನ್ನು 20–30ಕ್ಕೆ ಸೇರಿಸಿಬಿಟ್ಟರೂ ಮೊತ್ತ 40 ಆಗಿಯೇ ಇರುತ್ತದೆ. ಇಂಥ ಪಟ್ಟಿಯಲ್ಲಿ 30 ಬಂದವರು ಹೋಗುವುದು 30–40ಕ್ಕೆ. (ಹಾಗಾದರೆ 50ಕ್ಕೆ 50 ತೆಗೆದ ಜಾಣ ಎಲ್ಲಿಗೆ ಹೋಗಬೇಕು? ನಿಯಮದ ಪ್ರಕಾರ ಅವನಿಗೆ ಜಾಗವೇ ಇಲ್ಲ. ಕೊನೆಯ ಸಾಲಿಗೆ ಸೇರಿಸಿಕೊಳ್ಳುತ್ತಾರೆ.) ಈ ತಪ್ಪನ್ನು ಮುಂದೆ ಹೇಳುವ ಯಾವ ತಾಳೆಯೂ ಹಿಡಿಯುವುದಿಲ್ಲ, ಯಾಕೆಂದರೆ ಅವೆಲ್ಲ ಪಟ್ಟಿ ಸರಿ ಇದೆ ಅಂತ ನಂಬಿಕೊಂಡೇ ಶುರುವಾಗುತ್ತವೆ. ಹಾಗಾಗಿ ಗೀಟು ಹಾಕಿ ಎಣಿಸುವಾಗಲೇ, ಗಡಿಯ ಮೇಲೆ ಕೂತ ಅಂಕಗಳನ್ನು, ಅಂದರೆ 10, 20, 30, 40 ಇವನ್ನು, ಮೂಲ ಅಂಕಗಳಲ್ಲಿ ಪೆನ್ಸಿಲ್ಲಿನಿಂದ ಸುತ್ತು ಹಾಕಿ ಬೇರೆಯಾಗಿ ನೋಡಿ. ತಪ್ಪು ಜಾಸ್ತಿ ಆಗುವುದು ಅಲ್ಲೇ.

ಈಗ ಸರಾಸರಿ. ನೇರ ವಿಧಾನದಲ್ಲಿ fx ಕಾಲಮ್ 15, 105, 350, 385, 225. ಮೊತ್ತ 1080. 40ರಿಂದ ಭಾಗಿಸಿದರೆ 27.

ಇದು ಸರಿ ಇರಬಹುದಾ ಅಂತ ಮೊದಲೇ ಒಂದು ಬೇಲಿ ಹಾಕಿಕೊಳ್ಳಬಹುದು. ಪ್ರತಿಯೊಬ್ಬರೂ ತಮ್ಮ ವರ್ಗಾಂತರದ ಅತಿ ಕಡಿಮೆ ಅಂಕವನ್ನೇ ತೆಗೆದಿದ್ದಾರೆ ಅಂದುಕೊಂಡರೆ ಸರಾಸರಿ 22. ಎಲ್ಲರೂ ಮೇಲಿನ ತುದಿಯಲ್ಲೇ ಇದ್ದಾರೆ ಅಂದುಕೊಂಡರೆ 32. ಮಕ್ಕಳ ನಿಜವಾದ ಅಂಕಗಳು ಏನೇ ಇರಲಿ, ಅವುಗಳ ಸರಾಸರಿ ಈ ಎರಡರ ಆಚೆ ಹೋಗಲು ಸಾಧ್ಯವಿಲ್ಲ. ನಮ್ಮ 27 ಸರಿಯಾಗಿ ನಡುವೆ ಇದೆ, ಇರಲೇಬೇಕು. ಯಾರಾದರೂ 1080ನ್ನು 40ರ ಬದಲು ಸಾಲುಗಳ ಸಂಖ್ಯೆ 5ರಿಂದ ಭಾಗಿಸಿದರೆ 216 ಬರುತ್ತದೆ, 50 ಅಂಕದ ಪರೀಕ್ಷೆಯಲ್ಲಿ ಸರಾಸರಿ 216! ನಗು ಬರುತ್ತದೆ ಅಲ್ವಾ, ಆದರೂ ಉತ್ತರ ಪತ್ರಿಕೆಗಳಲ್ಲಿ ಇಂಥದ್ದು ಕಾಣಸಿಗುತ್ತದೆ. ಬರೆದವರು ಸಂಖ್ಯೆಯನ್ನು ಪ್ರಶ್ನೆಯ ಜೊತೆ ಇಟ್ಟು ನೋಡಿರುವುದಿಲ್ಲ, ಅಷ್ಟೇ.

ನಿಮ್ಮ ಉತ್ತರ ಸ್ನೇಹಿತರ ಉತ್ತರಕ್ಕಿಂತ ಸರಿಯಾಗಿ 5 ಕಡಿಮೆ ಅಥವಾ 5 ಜಾಸ್ತಿ ಇದ್ದರೆ, ಮಧ್ಯಬಿಂದುವಿನ ಬದಲು ಕೆಳಮಿತಿ ಅಥವಾ ಮೇಲ್ಮಿತಿ ಬಳಸಿದ್ದೀರಿ ಅಂತ ಅರ್ಥ. 5 ಅಂದರೆ ವರ್ಗಾಂತರದ ಗಾತ್ರದ ಅರ್ಧ. ಎಷ್ಟು ತಪ್ಪಾಗಿದೆ ಅನ್ನುವುದೇ ಎಲ್ಲಿ ತಪ್ಪಾಗಿದೆ ಅಂತ ಹೇಳಿಬಿಡುತ್ತದೆ.

ಕಷ್ಟ ಇರುವುದು ಬೇಲಿಯ ಒಳಗೇ ಬಂದು ಕೂರುವ ತಪ್ಪುಗಳಲ್ಲಿ. ಹಂತ ವಿಚಲನೆ ವಿಧಾನ ತಗೊಳ್ಳಿ. ಅಂದಾಜು ಸರಾಸರಿ A = 25 ಇಟ್ಟುಕೊಂಡರೆ d ಕಾಲಮ್ −2, −1, 0, 1, 2. fd ಕಾಲಮ್ −6, −7, 0, 11, 10. ಮೊತ್ತ 8.

ಸರಾಸರಿ = 25 + (8/40) × 10 = 27

ಇಲ್ಲಿ ಕೊನೆಯ 10ರಿಂದ ಗುಣಿಸುವುದನ್ನು ಮರೆತರೆ 25.2 ಬರುತ್ತದೆ. ನೋಡೋಕೆ ಚೆನ್ನಾಗೇ ಇದೆ. 22 ಮತ್ತು 32ರ ನಡುವೆಯೂ ಇದೆ. ಯಾರಿಗೂ ಅನುಮಾನ ಬರಲ್ಲ. ಹಾಗಾದರೆ ಹಿಡಿಯುವುದು ಹೇಗೆ?

A ಬದಲಿಸಿ. A = 35 ಇಟ್ಟು ನೋಡಿ. ಈಗ d ಕಾಲಮ್ −3, −2, −1, 0, 1. fd ಕಾಲಮ್ −9, −14, −14, 0, 5. ಮೊತ್ತ −32.

ಸರಾಸರಿ = 35 + (−32/40) × 10 = 35 − 8 = 27

ಅದೇ 27. ಈಗ 10ರಿಂದ ಗುಣಿಸಲು ಮರೆತವರ ಕಥೆ ನೋಡಿ. A = 25 ಇದ್ದಾಗ ಅವರಿಗೆ 25.2, A = 35 ಇದ್ದಾಗ 34.2. ಎರಡೂ ಬೇರೆ ಬೇರೆ. ಅಂದಾಜು ಸರಾಸರಿ ಅನ್ನುವುದು ನಾವು ಸುಮ್ನೆ ನಮ್ಮ ಅನುಕೂಲಕ್ಕೆ ಆರಿಸಿಕೊಂಡದ್ದು, ಮಕ್ಕಳ ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಅದನ್ನು ಬದಲಿಸಿದಾಗ ಉತ್ತರವೂ ಬದಲಾದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

ಇನ್ನೂ ಚಿಕ್ಕ ದಾರಿ ಬೇಕಾದರೆ, ಬಂದ ಸರಾಸರಿಯಿಂದಲೇ ಹೊರಡಿ. 27ರಿಂದ ಪ್ರತಿ ಮಧ್ಯಬಿಂದು ಎಷ್ಟು ದೂರ ಇದೆ? −22, −12, −2, 8, 18. ಇವನ್ನು f ಜೊತೆ ಗುಣಿಸಿದರೆ −66, −84, −28, 88, 90. ಋಣದ ಕಡೆ 178, ಧನದ ಕಡೆಯೂ 178. ತಕ್ಕಡಿ ಸಮ ನಿಂತಿತು. ಸರಾಸರಿ ಪೂರ್ಣಾಂಕ ಆಗಿಲ್ಲದಿದ್ದರೆ ಕೊನೆಯಲ್ಲಿ ಸ್ವಲ್ಪ ಚಿಲ್ಲರೆ ಉಳಿಯಬಹುದು, ಅದಕ್ಕೆ ಗಾಬರಿ ಬೇಡ. ಆದರೆ 72ರಷ್ಟು ಉಳಿದರೆ ಅದು ಚಿಲ್ಲರೆ ಅಲ್ಲ. 25.2 ಇಟ್ಟು ನೋಡಿದರೆ ಉಳಿಯುವುದು ಸರಿಯಾಗಿ ಅಷ್ಟೇ: 40 ಮಕ್ಕಳು, ತಲಾ 1.8.

ಮಧ್ಯಾಂಕಕ್ಕೆ ಬರೋಣ. ಸಂಚಿತ ಆವೃತ್ತಿ 3, 10, 24, 35, 40. ಅರ್ಧ ಅಂದರೆ 20. ಅದು ಬೀಳುವುದು 20–30ರಲ್ಲಿ.

ಮಧ್ಯಾಂಕ = 20 + ((20 − 10)/14) × 10 = 27.14

ಮಧ್ಯಾಂಕದ ಲೆಕ್ಕದಲ್ಲಿ ಅತಿ ಸಾಮಾನ್ಯ ತಪ್ಪು ಸಂಚಿತ ಆವೃತ್ತಿಯದು. ಹಿಂದಿನ ಸಾಲಿನ 10 ತಗೊಳ್ಳುವ ಬದಲು ಅದೇ ಸಾಲಿನ 24 ತಗೊಂಡರೆ 17.14 ಬರುತ್ತದೆ. ಮಧ್ಯಾಂಕ 20–30ರ ಒಳಗಿದೆ ಅಂತ ನೀವೇ ಈಗಷ್ಟೇ ಬರೆದಿದ್ದೀರಿ, ಉತ್ತರ ನೋಡಿದರೆ ಆಚೆ ಬಿದ್ದಿದೆ. ಅರ್ಧ ಮಾಡಲು ಮರೆತು 40ನ್ನೇ ಹಾಕಿದರೆ 41.43, ಅದೂ ಆಚೆ. ಇವೆರಡೂ ಸುಲಭವಾಗಿ ಸಿಕ್ಕಿಬೀಳುತ್ತವೆ. ಆದರೆ ಕಣ್ಣು ಒಂದು ಸಾಲು ಕೆಳಗೆ ಜಾರಿ, 14ರ ಬದಲು 11ರಿಂದ ಭಾಗಿಸಿದರೆ? 29.09. ಒಳಗೇ ಇದೆ. ಚೆಂದವಾಗಿ ಕಾಣುತ್ತದೆ. ತಪ್ಪು.

ಇಲ್ಲೂ ಅದೇ ಉಪಾಯ, ಹೊರಡುವ ಜಾಗ ಬದಲಿಸಿ. ನಮ್ಮ ಸೂತ್ರ ಕೆಳಗಿನಿಂದ ಎಣಿಸಿಕೊಂಡು ಮೇಲೆ ಬರುತ್ತದೆ. ನೀವು ಮೇಲಿನಿಂದ ಎಣಿಸಿಕೊಂಡು ಇಳಿಯಿರಿ. 30ಕ್ಕಿಂತ ಮೇಲೆ ಇರುವವರು 11 + 5 = 16. ಅರ್ಧ, ಅಂದರೆ 20 ಆಗಬೇಕಾದರೆ ಇನ್ನೂ 4 ಜನ ಬೇಕು. 20–30ರಲ್ಲಿ 14 ಜನ ಸಮನಾಗಿ ಹರಡಿದ್ದಾರೆ ಅಂತ ನಾವು ಒಪ್ಪಿಕೊಂಡಿದ್ದೇವೆ. ಹಾಗಾದರೆ 30ರಿಂದ ಕೆಳಗೆ ಎಷ್ಟು ಇಳಿಯಬೇಕು?

ಮಧ್ಯಾಂಕ = 30 − (4/14) × 10 = 30 − 2.86 = 27.14

ಸಿಕ್ಕಿತು. 11 ಹಾಕಿದವರು ಮೇಲಿನಿಂದ ಇಳಿದರೆ 26.36ಕ್ಕೆ ಬರುತ್ತಾರೆ, ಕೆಳಗಿನಿಂದ ಹತ್ತಿದರೆ 29.09. ಇಬ್ಬರೂ ನಡುದಾರಿಯಲ್ಲಿ ಸಿಗಲೇ ಇಲ್ಲ. ಓಜೀವ್ ಎಳೆದವರಿಗೆ ಇದು ಹೊಸದೇನಲ್ಲ. 'ಕಡಿಮೆ ವಿಧಾನ'ದ ರೇಖೆ ಏರುತ್ತದೆ, 'ಹೆಚ್ಚು ವಿಧಾನ'ದ ರೇಖೆ ಇಳಿಯುತ್ತದೆ, ಎರಡೂ ಒಂದನ್ನೊಂದು ಕತ್ತರಿಸುವ ಕಡೆ ಎತ್ತರ 20, ಅಲ್ಲಿಂದ ನೇರ ಕೆಳಗೆ ನೋಡಿದರೆ ಮಧ್ಯಾಂಕ. ನಾವು ಗ್ರಾಫ್ ಹಾಳೆ ಇಲ್ಲದೆ ಅದನ್ನೇ ಮಾಡಿದೆವು.

ಸಭೆಯಲ್ಲಿ ಒಬ್ಬ ಹುಡುಗಿ ಕೇಳಿದಳು: "ಸರ್, ಜಾಸ್ತಿ f ಇರೋ ಸಾಲೇ ಮಧ್ಯಾಂಕದ ಸಾಲು ಅಲ್ವಾ?" ಈ ಪಟ್ಟಿಯಲ್ಲಿ ಹೌದು, 14 ಇರುವ ಸಾಲೇ ಎರಡೂ ಆಗಿದೆ. ಅದೇ ಅಪಾಯ. ಜಾಸ್ತಿ f ಇರುವುದು ಬಹುಲಕದ ಸಾಲು. ಮಧ್ಯಾಂಕದ ಸಾಲನ್ನು ಸಂಚಿತ ಆವೃತ್ತಿ ನೋಡಿಯೇ ಹಿಡಿಯಬೇಕು. ಒಂದೊಂದು ಪಟ್ಟಿಯಲ್ಲಿ ಎರಡೂ ಒಂದೇ ಆಗುತ್ತವೆ, ಇನ್ನೊಂದರಲ್ಲಿ ಆಗುವುದಿಲ್ಲ. ಅಭ್ಯಾಸಕ್ಕೆ ಕೊಟ್ಟ ಲೆಕ್ಕಗಳಲ್ಲಿ ಸರಿಹೋಯಿತು ಅಂತ ಅದನ್ನೇ ನಿಯಮ ಮಾಡಿಕೊಂಡರೆ ಪರೀಕ್ಷೆಯಲ್ಲಿ ಕೈಕೊಡುತ್ತದೆ.

ಇನ್ನೊಂದು ಜಾಗ ಇದೆ, ಸ್ವಲ್ಪ ನಿಧಾನವಾಗಿ ನೋಡೋಣ. ಅದೇ ಪಟ್ಟಿ 1–10, 11–20, 21–30, 31–40, 41–50 ಅಂತ ಇದ್ದರೆ? f ಅವೇ: 3, 7, 14, 11, 5. ಈಗ 20ಕ್ಕೂ 21ಕ್ಕೂ ನಡುವೆ ಒಂದು ಸಂದು ಇದೆ. ಮಧ್ಯಾಂಕದ ಸೂತ್ರಕ್ಕೆ ಸಂದು ಆಗಿಬರುವುದಿಲ್ಲ, ಅದು ಅಂಕಗಳು ಎಡೆಬಿಡದೆ ಸಾಗುತ್ತವೆ ಅಂತ ಭಾವಿಸುತ್ತದೆ. ಹಾಗಾಗಿ ಸಂದನ್ನು ಅರ್ಧರ್ಧ ಹಂಚಿ, 20.5ರಿಂದ 30.5 ಅಂತ ಗಡಿ ಹಾಕುತ್ತೇವೆ. ಕೆಳಗಿನಿಂದ 20.5 + 7.14 = 27.64. ಮೇಲಿನಿಂದ 30.5 − 2.86 = 27.64. ಸರಿ.

ಗಡಿ ಸರಿಮಾಡದೆ, 21ರಿಂದ ಶುರುಮಾಡಿ ಗಾತ್ರ 10 ಅಂತಲೇ ಇಟ್ಟುಕೊಂಡವರಿಗೆ ಕೆಳಗಿನಿಂದ 28.14, ಮೇಲಿನಿಂದ 27.14. ಸಿಕ್ಕಿಬಿದ್ದರು. ಆದರೆ 30 − 21 = 9 ಅಂತ ಗಾತ್ರವನ್ನೇ 9 ಮಾಡಿಕೊಂಡವರಿಗೆ ಎರಡೂ ಕಡೆಯಿಂದ 27.43 ಬರುತ್ತದೆ! ತಪ್ಪು ಉತ್ತರ, ಆದರೆ ತಾಳೆ ಆಗುತ್ತದೆ. ಅದಕ್ಕೇ ಹೇಳುವುದು, ಪ್ರತಿ ತಾಳೆಗೂ ಒಂದು ಕುರುಡು ಜಾಗ ಇರುತ್ತದೆ. ಇದಕ್ಕೆ ಬೇರೆಯದೇ ನೋಟ ಬೇಕು: ಒಂದು ಸಾಲಿನ ಕೆಳಮಿತಿಯಿಂದ ಮುಂದಿನ ಸಾಲಿನ ಕೆಳಮಿತಿಗೆ ಎಷ್ಟು ದೂರ? 21ರಿಂದ 31, ಅಂದರೆ 10. ಗಾತ್ರ ಅದು. ಒಂದೇ ಸಾಲಿನ ಎರಡು ತುದಿ ಕಳೆದು ಗಾತ್ರ ತೆಗೆಯುವ ಅಭ್ಯಾಸ ಬಿಟ್ಟರೆ ಈ ತಪ್ಪು ಹುಟ್ಟುವುದೇ ಇಲ್ಲ.

ಇದರಲ್ಲೂ ಒಂದು ಅಪವಾದ ಇದೆ, ವಯಸ್ಸಿನ ಪಟ್ಟಿ. ನಮ್ಮ ಜನಗಣತಿಯ ಪಟ್ಟಿಗಳಲ್ಲಿ 0–4, 5–9, 10–14 ಅಂತ ಇರುತ್ತದೆ. ನೋಡೋಕೆ ಸಂದು ಇದ್ದ ಹಾಗಿದೆ. ಆದರೆ ಅಲ್ಲಿ ಬರೆಯುವುದು ತುಂಬಿದ ವರ್ಷಗಳನ್ನು. 4 ವರ್ಷ 11 ತಿಂಗಳ ಮಗುವೂ ಲೆಕ್ಕಕ್ಕೆ 4. ಅಂದರೆ 0–4 ಅನ್ನುವುದು ನಿಜದಲ್ಲಿ 0ಯಿಂದ 5ರವರೆಗೆ, ಮಧ್ಯಬಿಂದು 2.5. ಅರ್ಧ ಕಳೆದು ಅರ್ಧ ಕೂಡಿಸುವ ನಿಯಮ ಹಚ್ಚಿದರೆ −0.5 ವರ್ಷದ ಮಗು ಬರುತ್ತದೆ! ಹೋಂವರ್ಕಿನಲ್ಲಿ ಪುಸ್ತಕ ಏನು ಮಾಡುತ್ತದೋ ಅದನ್ನೇ ಮಾಡಿ, ಜಗಳ ಬೇಡ. ಆದರೆ ಸರಾಸರಿ ಅರ್ಧ ವರ್ಷ ಆಚೀಚೆ ಬಂದರೆ ಕಾರಣ ಇದು ಅಂತ ಗೊತ್ತಿರಲಿ. ಮಾನಕ ವಿಚಲನೆಗೆ ಇದರಿಂದ ಏನೂ ಆಗುವುದಿಲ್ಲ, ಎಲ್ಲರೂ ಒಟ್ಟಿಗೆ ಅರ್ಧ ಹೆಜ್ಜೆ ಸರಿದರೆ ಅವರ ನಡುವಿನ ದೂರ ಬದಲಾಗುವುದಿಲ್ಲವಲ್ಲ.

ಈಗ ಮಾನಕ ವಿಚಲನೆ. ಮೂರರಲ್ಲಿ ಮಕ್ಕಳನ್ನು ಜಾಸ್ತಿ ಗೋಳುಹೊಯ್ದುಕೊಳ್ಳುವುದು ಇದೇ. A = 25 ಇಟ್ಟು ಮಾಡೋಣ. fd² ಕಾಲಮ್ 12, 7, 0, 11, 20. ಮೊತ್ತ 50. fd ಮೊತ್ತ 8 ಅಂತ ಮೊದಲೇ ಗೊತ್ತು.

σ = 10 × √(50/40 − (8/40)²) = 10 × √(1.25 − 0.04) = 10 × √1.21 = 11

ಇದಕ್ಕೂ ಬೇಲಿ ಇದೆ. ಅಂಕಗಳು 0ಯಿಂದ 50ರೊಳಗೆ ಇದ್ದರೆ ಮಾನಕ ವಿಚಲನೆ 25ನ್ನು ದಾಟುವುದಿಲ್ಲ. ಅರ್ಧ ಮಕ್ಕಳು ಸೊನ್ನೆ, ಅರ್ಧ ಮಕ್ಕಳು 50 ತೆಗೆದರೆ ಮಾತ್ರ 25 ಆಗುತ್ತದೆ, ಅಂಥ ತರಗತಿ ಎಲ್ಲಿದೆ? ಹಾಗಾಗಿ ವರ್ಗಮೂಲ ತೆಗೆಯಲು ಮರೆತು 121 ಅಂತ ಬರೆದರೆ ತಕ್ಷಣ ಗೊತ್ತಾಗಬೇಕು. fx² ಅಂದರೆ x ಅನ್ನು ಮಾತ್ರ ವರ್ಗ ಮಾಡಿ f ಜೊತೆ ಗುಣಿಸುವುದು, ಆದರೆ ಕೆಲವರು fx ಇಡೀ ವರ್ಗ ಮಾಡುತ್ತಾರೆ, ಅವರಿಗೆ 87 ಚಿಲ್ಲರೆ ಬರುತ್ತದೆ. ಅದೂ ಬೇಲಿಯ ಆಚೆ.

ಸಣ್ಣದಾಗಿ ಬಂದರೆ? 10ರಿಂದ ಗುಣಿಸಲು ಮರೆತವರಿಗೆ ಬರುವುದು 1.1. ಇಲ್ಲಿ A ಬದಲಿಸಿದರೂ ಪ್ರಯೋಜನವಿಲ್ಲ, ಯಾವ A ಇಟ್ಟರೂ 1.1 ಬರುತ್ತದೆ. ಬೇರೆ ಪ್ರಶ್ನೆ ಕೇಳಿಕೊಳ್ಳಬೇಕು: ಸರಾಸರಿಯಿಂದ ಒಂದು ಮಾನಕ ವಿಚಲನೆಯೊಳಗೆ ಎಷ್ಟು ಮಕ್ಕಳಿದ್ದಾರೆ? ನಡುವೆ ಗುಂಪಾಗಿ, ತುದಿಗಳಲ್ಲಿ ತೆಳ್ಳಗೆ ಇರುವ ನಮ್ಮಂಥ ಪಟ್ಟಿಯಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಇರಬೇಕು. 27 ± 11 ಅಂದರೆ 16ರಿಂದ 38. 16ರಿಂದ 20ರಲ್ಲಿ 7ರ ನಾಲ್ಕು ದಶಾಂಶ, ಅಂದರೆ 2.8. ನಡುವಿನ 14 ಪೂರ್ತಿ. 30ರಿಂದ 38ರಲ್ಲಿ 11ರ ಎಂಟು ದಶಾಂಶ, 8.8. ಒಟ್ಟು 25.6, ಅಂದರೆ 40ರಲ್ಲಿ ನೂರಕ್ಕೆ 64. ಪರವಾಗಿಲ್ಲ, ಸರಿಯಾದ ಹಾದಿಯಲ್ಲೇ ಇದ್ದೇವೆ. 1.1 ಇಟ್ಟು ನೋಡಿದರೆ 25.9ರಿಂದ 28.1, ಅದರಲ್ಲಿ ಸುಮಾರು ಮೂರು ಮಕ್ಕಳು ಮಾತ್ರ. ಸಾಧ್ಯವೇ ಇಲ್ಲ.

ಇನ್ನು ಬೇಲಿಗೆ ಸಿಗದೆ ನುಣುಚಿಕೊಳ್ಳುವ ಎರಡು ತಪ್ಪುಗಳಿವೆ.

ಒಂದು, (8/40)² ಕಳೆಯಲು ಮರೆಯುವುದು. ಆಗ 10 × √1.25 = 11.18. 11 ಎಲ್ಲಿ, 11.18 ಎಲ್ಲಿ, ಯಾರಿಗೆ ಗೊತ್ತಾಗುತ್ತದೆ? A ಬದಲಿಸಿದವರಿಗೆ ಗೊತ್ತಾಗುತ್ತದೆ. A = 35 ಇಟ್ಟರೆ fd² ಕಾಲಮ್ 27, 28, 14, 0, 5, ಮೊತ್ತ 74. ಸರಿಯಾಗಿ ಮಾಡಿದರೆ 1.85 − 0.64 = 1.21, ಮತ್ತೆ ಅದೇ 11. ಕಳೆಯಲು ಮರೆತವರಿಗೆ 13.6. ಸರಾಸರಿಗೆ ಬಳಸಿದ ತಾಳೆಯೇ ಇಲ್ಲೂ ಕೆಲಸಕ್ಕೆ ಬಂತು, ಒಂದೇ ಪಟ್ಟಿಯಲ್ಲಿ ಎರಡೂ ಆಗಿಹೋಗುತ್ತದೆ.

ಎರಡನೆಯದು ಚಿಹ್ನೆಯ ತಪ್ಪು. (−2)² ಅನ್ನು −4 ಅಂತ ಬರೆಯುವುದು, (−1)² ಅನ್ನು −1 ಅಂತ ಬರೆಯುವುದು. fd² ಕಾಲಮ್ −12, −7, 0, 11, 20 ಆಗಿ ಮೊತ್ತ 12 ಬರುತ್ತದೆ. ಮುಂದೆ ಹೋದರೆ 10 × √0.26, ಸುಮಾರು 5.1. ವರ್ಗದ ಕಾಲಮ್ಮಿನಲ್ಲಿ ಋಣ ಚಿಹ್ನೆ ಕಂಡರೆ ಅಲ್ಲೇ ನಿಲ್ಲಬೇಕು, ನಿಜ. ಆದರೆ ಕ್ಯಾಲ್ಕುಲೇಟರಿನಲ್ಲಿ ಕಂಸ ಹಾಕದೆ ಒತ್ತಿದವರು ಕಾಲಮ್ ಬರೆದುಕೊಂಡಿರುವುದೇ ಇಲ್ಲ, ಮೊತ್ತ ಮಾತ್ರ ಇರುತ್ತದೆ.

ಇಂಥ ಕಡೆ ಕೈಹಿಡಿಯುವ ಒಂದು ಹಳೇ ಉಪಾಯ ಇದೆ. ಸ್ವೀಡನ್ನಿನ ಖಗೋಳ ವಿಜ್ಞಾನಿ ಕಾರ್ಲ್ ಚಾರ್ಲಿಯರ್ (1862–1934) ಅವರ ಹೆಸರಿನಲ್ಲಿ ಇದನ್ನು ಚಾರ್ಲಿಯರ್ ತಾಳೆ ಅಂತ ಕರೆಯುತ್ತಾರೆ. ಕ್ಯಾಲ್ಕುಲೇಟರ್ ಇಲ್ಲದೆ ಕೈಯಲ್ಲೇ ಉದ್ದುದ್ದ ಪಟ್ಟಿ ಕೂಡಬೇಕಿದ್ದ ಕಾಲದಲ್ಲಿ ಇದು ದೊಡ್ಡ ಆಸರೆ. ಮಾಡಬೇಕಾದ್ದು ಇಷ್ಟೇ, ಪ್ರತಿ d ಗೂ 1 ಕೂಡಿಸಿ ಇನ್ನೊಂದು ಕಾಲಮ್ ಮಾಡುವುದು.

Σf(d+1)² = Σfd² + 2Σfd + N

ನಮ್ಮ ಪಟ್ಟಿಯಲ್ಲಿ d+1 ಅಂದರೆ −1, 0, 1, 2, 3. ವರ್ಗ ಮಾಡಿ f ಜೊತೆ ಗುಣಿಸಿದರೆ 3, 0, 14, 44, 45. ಮೊತ್ತ 106. ಬಲಗಡೆ 50 + 16 + 40 = 106. ಕೂಡಿತು! ಚಿಹ್ನೆ ತಪ್ಪಿದವರಿಗೆ ಬಲಗಡೆ 12 + 16 + 40 = 68. ಕೂಡಲಿಲ್ಲ. ಇದು ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳಬೇಡಿ, (d+1)² ಬಿಡಿಸಿದರೆ d² + 2d + 1, ಅಷ್ಟೇ. ಗಮನಿಸಿ ನೋಡಿದರೆ ಇದೂ A ಬದಲಿಸುವ ಆಟವೇ. d ಗೆ 1 ಕೂಡಿಸುವುದು ಅಂದರೆ A ಅನ್ನು 25ರಿಂದ 15ಕ್ಕೆ ಇಳಿಸಿದ ಹಾಗೆ. ಸಾಲುಗಳು ಹತ್ತು ಹನ್ನೆರಡು ಇರುವ ಪಿಯುಸಿ, ಬಿಕಾಂ ಲೆಕ್ಕಗಳಲ್ಲಿ ಇದನ್ನು ಮಾಡಿ. ಐದು ಸಾಲಿನ ಲೆಕ್ಕಕ್ಕೆ ಬೇಕಾಗುವುದಿಲ್ಲ ಅಂತ ನನ್ನ ಅಭಿಪ್ರಾಯ, A ಬದಲಿಸಿದರೆ ಸಾಕು. ಚಾರ್ಲಿಯರ್ ತಾಳೆಗೂ ಮಿತಿ ಇದೆ. ಅದು ಕಾಲಮ್ಮುಗಳ ಮೊತ್ತವನ್ನು ಮಾತ್ರ ನೋಡುತ್ತದೆ. ಆಮೇಲೆ 10ರಿಂದ ಗುಣಿಸಿದಿರಾ, ವರ್ಗಮೂಲ ತೆಗೆದಿರಾ ಅಂತ ಅದಕ್ಕೆ ಗೊತ್ತಿಲ್ಲ.

ಸರಾಸರಿಯನ್ನು ಮೊದಲೇ ದುಂಡಗೆ ಮಾಡಿಕೊಳ್ಳುವುದರ ಬಗ್ಗೆಯೂ ಒಂದು ಮಾತು. ನಮ್ಮ ಲೆಕ್ಕದಲ್ಲಿ ಅದೃಷ್ಟಕ್ಕೆ 27 ಪೂರ್ಣಾಂಕ. ಇನ್ನೊಂದು ಲೆಕ್ಕದಲ್ಲಿ 27.4 ಬಂದಿತ್ತು, ನೀವು 27 ಅಂತ ಇಟ್ಟುಕೊಂಡಿರಿ ಅನ್ನಿ. Σfx²/N − ಸರಾಸರಿ² ಅನ್ನುವ ದಾರಿಯಲ್ಲಿ ಹೋದರೆ, ಕಳೆಯಬೇಕಾದ್ದು 750.76, ಕಳೆದದ್ದು 729. ವೇರಿಯನ್ಸ್‌ನಲ್ಲಿ 21.76 ವ್ಯತ್ಯಾಸ ಬಂದುಬಿಟ್ಟಿತು. 11 ಬರಬೇಕಿದ್ದ ಕಡೆ ಸುಮಾರು 11.95 ಬರುತ್ತದೆ. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆಯುವ ಸೂತ್ರದಲ್ಲಿ ಸಣ್ಣ ದುಂಡು ಮಾಡುವಿಕೆಯೂ ದುಬಾರಿ. ಕೊನೆಯವರೆಗೂ ಭಿನ್ನರಾಶಿಯಲ್ಲೇ ಇಟ್ಟುಕೊಳ್ಳಿ.

ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ನಾನು ಎಕ್ಸೆಲ್‌ನಲ್ಲಿ ಹಾಕಿ ನೋಡಿದರೆ ಮಗನ ಉತ್ತರಕ್ಕೂ ಅದಕ್ಕೂ ಹೊಂದುವುದೇ ಇಲ್ಲ ಸರ್, ಯಾವುದನ್ನು ನಂಬಬೇಕು?" ಒಳ್ಳೇ ಪ್ರಶ್ನೆ ಮೇಡಂ. ನೀವು ಮಧ್ಯಬಿಂದುಗಳ ಕಾಲಮ್ ಆರಿಸಿ AVERAGE, STDEV.P ಅಂತ ಕೊಟ್ಟಿದ್ದರೆ ಎಕ್ಸೆಲ್ 25 ಮತ್ತು 14.14 ಕೊಡುತ್ತದೆ. ಅದಕ್ಕೆ 5, 15, 25, 35, 45 ಅನ್ನುವ ಐದು ಸಂಖ್ಯೆ ಕಾಣಿಸಿತು, 40 ಮಕ್ಕಳು ಕಾಣಿಸಲೇ ಇಲ್ಲ. ಮಧ್ಯಬಿಂದು B ಕಾಲಮ್ಮಿನಲ್ಲಿ, ಆವೃತ್ತಿ C ಕಾಲಮ್ಮಿನಲ್ಲಿ ಇದ್ದರೆ, E2 ಮತ್ತು E3ರಲ್ಲಿ ಹೀಗೆ ಹಾಕಿ:

```
=SUMPRODUCT(B2:B6,C2:C6)/SUM(C2:C6)
=SQRT(SUMPRODUCT(C2:C6,(B2:B6-E2)^2)/SUM(C2:C6))
```

ಮೊದಲನೆಯದು 27, ಎರಡನೆಯದು 11. ಈ ಎರಡನೇ ಸೂತ್ರ ಮಗ ಮಾಡಿದ ದಾರಿಯಲ್ಲಿ ಹೋಗುವುದಿಲ್ಲ, 27ರಿಂದಲೇ ದೂರ ಅಳೆಯುತ್ತದೆ. ಕೈಯಲ್ಲಿ ಮಾಡಿದರೆ 1452 + 1008 + 56 + 704 + 1620 = 4840, 40ರಿಂದ ಭಾಗಿಸಿದರೆ 121. ಹಾಗಾಗಿ ಇದು ನಿಜವಾದ ತಾಳೆ.

ಉತ್ತರ 11.14 ಬಂದರೆ ಅದು ತಪ್ಪಲ್ಲ, ಬೇರೆ ಪ್ರಶ್ನೆಗೆ ಉತ್ತರ. 4840ನ್ನು 40ರ ಬದಲು 39ರಿಂದ ಭಾಗಿಸಿದ್ದಾರೆ. ಈ 40 ಮಕ್ಕಳು ದೊಡ್ಡ ಗುಂಪೊಂದರ ಮಾದರಿ ಮಾತ್ರ ಅಂದಾಗ N − 1ರಿಂದ ಭಾಗಿಸುತ್ತಾರೆ. ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ σ ಮತ್ತು s ಅಂತ ಎರಡು ಬೇರೆ ಕಾಣಿಸುವುದು ಅದಕ್ಕೇ. ಪ್ರಶ್ನೆಯಲ್ಲಿ ಮಾದರಿ ಅಂತ ಹೇಳದೆ, ನಿಮ್ಮ ಪುಸ್ತಕದ ಸೂತ್ರದಲ್ಲಿ N ಇದ್ದರೆ 11 ಅಂತಲೇ ಬರೆಯಿರಿ.

ಇದರ ಬೆನ್ನಲ್ಲೇ ಇನ್ನೊಬ್ಬ ಹುಡುಗ, "40 ಜನರ ಬಿಡಿ ಅಂಕ ಹಾಕಿ ನೋಡಿದರೆ 27, 11 ಬರಲ್ಲ, ಬೇರೆ ಬರುತ್ತೆ" ಅಂದ. ಬರಲೇಬೇಕು. ಪಟ್ಟಿ ಮಾಡಿದ ಕ್ಷಣವೇ ಬಿಡಿ ಅಂಕಗಳು ಕಳೆದುಹೋದವು. 21 ತೆಗೆದವರೂ 29 ತೆಗೆದವರೂ ಈಗ 25. ಸರಾಸರಿಯಲ್ಲಿ ಈ ಏರುಪೇರು ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತದೆ. ಮಾನಕ ವಿಚಲನೆಯಲ್ಲಿ, ನಡುವೆ ಗುಂಪಾಗಿರುವ ಪಟ್ಟಿಯಾದರೆ, ಸ್ವಲ್ಪ ಹೆಚ್ಚೇ ಬರುವ ಒಲವಿರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಡಬ್ಲ್ಯು. ಎಫ್. ಶೆಪ್ಪರ್ಡ್ ಅನ್ನುವವರು ಇದಕ್ಕೊಂದು ತಿದ್ದುಪಡಿ ಕೊಟ್ಟರು, ವೇರಿಯನ್ಸ್‌ನಿಂದ ಗಾತ್ರದ ವರ್ಗದ ಹನ್ನೆರಡನೇ ಒಂದು ಭಾಗ ಕಳೆಯುವುದು. ನಮ್ಮಲ್ಲಿ 121 − 8.33, ವರ್ಗಮೂಲ ತೆಗೆದರೆ 10.6. ಎರಡೂ ತುದಿಯಲ್ಲಿ ಮೆಲ್ಲಗೆ ಸೊನ್ನೆಗೆ ಇಳಿಯುವ ಪಟ್ಟಿಗಳಿಗೆ ಮಾತ್ರ ಇದು ಹೊಂದುತ್ತದೆ. ಪ್ರಶ್ನೆ ಕೇಳದಿದ್ದರೆ ಮಾಡಬೇಡಿ.

ಕೊನೆಯಲ್ಲಿ ಒಬ್ಬರು ಬಿಕಾಂ ವಿದ್ಯಾರ್ಥಿ ಕೇಳಿದ್ದು, ಕೊನೆಯ ಸಾಲು '40 ಮತ್ತು ಹೆಚ್ಚು' ಅಂತ ತೆರೆದಿದ್ದರೆ ಏನು ಮಾಡುವುದು ಅಂತ. ಅಂಕದ ಬದಲು ಇದೇ ಪಟ್ಟಿ ಸಂಬಳದ್ದು ಅಂದುಕೊಳ್ಳಿ, ಸಾವಿರ ರೂಪಾಯಿಗಳಲ್ಲಿ. ಸಾಮಾನ್ಯವಾಗಿ ಹಿಂದಿನ ಸಾಲಿನ ಗಾತ್ರವನ್ನೇ ಇದಕ್ಕೂ ಕೊಟ್ಟು 40–50 ಮಾಡುತ್ತಾರೆ, ಉತ್ತರ 27 ಮತ್ತು 11. ಇನ್ನೊಬ್ಬರು, ದೊಡ್ಡ ಸಂಬಳದವರು ಇನ್ನೂ ಮೇಲೆ ಹರಡಿರುತ್ತಾರೆ ಅಂತ 40–60 ಮಾಡಿದರೆ ಮಧ್ಯಬಿಂದು 50 ಆಗುತ್ತದೆ. ಸರಾಸರಿ 27.63ಕ್ಕೆ ಏರುತ್ತದೆ, ಮಾನಕ ವಿಚಲನೆ 12.09 ಆಗುತ್ತದೆ. ಇಬ್ಬರ ಲೆಕ್ಕವೂ ಎಲ್ಲ ತಾಳೆಯಲ್ಲೂ ಪಾಸಾಗುತ್ತದೆ, ಏಕೆಂದರೆ ಲೆಕ್ಕ ಇಬ್ಬರದೂ ಸರಿ, ಬೇರೆಯಾಗಿರುವುದು ಊಹೆ. ಆದ್ದರಿಂದ ಉತ್ತರದ ಪಕ್ಕ 'ಕೊನೆಯ ವರ್ಗಾಂತರವನ್ನು 40–50 ಎಂದು ತೆಗೆದುಕೊಂಡಿದೆ' ಅಂತ ಒಂದು ಸಾಲು ಬರೆದುಬಿಡಿ, ತಿದ್ದುವವರಿಗೂ ಗೊತ್ತಾಗುತ್ತದೆ. ಮಧ್ಯಾಂಕಕ್ಕೆ ಮಾತ್ರ ಈ ತಕರಾರೇ ಇಲ್ಲ. ಮೇಲಿನ 5 ಜನ 41ರಲ್ಲಿರಲಿ, 400ರಲ್ಲಿರಲಿ, 30ರ ಮೇಲೆ 16 ಜನ ಇದ್ದಾರೆ ಅನ್ನುವುದು ಬದಲಾಗುವುದಿಲ್ಲ, ಹಾಗಾಗಿ ಮೇಲಿನಿಂದ ಇಳಿದರೂ ಕೆಳಗಿನಿಂದ ಹತ್ತಿದರೂ 27.14 ಹಾಗೇ ಇರುತ್ತದೆ.